ಸೆಕೆಂಡಿಗೆ 130 ಮಿಡಿತ

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಊರಿನ ಆಸ್ಪತ್ರೆಯಲ್ಲಿ ನರಶಸ್ತ್ರವೈದ್ಯ ಅಲಿಮ್ ಲೂಯಿ ಬೆನಬಿದ್ ಅವರ ಮುಂದೆ ಕೈ ನಡುಗುವ ರೋಗಿಯೊಬ್ಬರಿದ್ದರು. ಮಾಡಬೇಕಿದ್ದ ಕೆಲಸ ಹೊಸದೇನಲ್ಲ. ತಲೆಬುರುಡೆಗೆ ರಂಧ್ರ ಕೊರೆದು, ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗಕ್ಕೆ ತೆಳುವಾದ ಸರಳು ಇಳಿಸಿ, ಅಲ್ಲಿನ ಕೆಲವು ಮಿಲಿಮೀಟರ್ ಜಾಗವನ್ನು ಬಿಸಿ ಕೊಟ್ಟು ಸುಡುವುದು. ಸುಡುವ ಮೊದಲು ಸರಳಿನ ತುದಿ ಸರಿಯಾದ ಕಡೆ ಕೂತಿದೆಯೇ ಎಂದು ಚೂರು ವಿದ್ಯುತ್ ಹರಿಸಿ ನೋಡುವುದು ವಾಡಿಕೆ. ಬೆನಬಿದ್ ಅಂದು ವಿದ್ಯುತ್ತಿನ ವೇಗವನ್ನು ಬದಲಿಸುತ್ತಾ ಹೋದರು. ಕಡಿಮೆ ವೇಗದ ಮಿಡಿತಕ್ಕೆ ನಡುಕ ಹಾಗೇ ಇತ್ತು. ಸೆಕೆಂಡಿಗೆ ಸುಮಾರು ನೂರು ಮಿಡಿತ ಮುಟ್ಟಿದಾಗ ಕೈ ನಿಂತುಬಿಟ್ಟಿತು. ವಿದ್ಯುತ್ ತೆಗೆದರೆ ಮತ್ತೆ ನಡುಕ, ಕೊಟ್ಟರೆ ಮತ್ತೆ ನಿಶ್ಚಲ.

ಸುಟ್ಟಾಗ ಸಿಗುವ ಫಲವೇ ಸುಡದೆಯೂ ಸಿಗುತ್ತಿದೆ ಎಂದಾದರೆ ಸುಡುವುದೇಕೆ? ತಂತಿಯನ್ನು ಅಲ್ಲೇ ಬಿಟ್ಟು, ಹೃದಯದ ಪೇಸ್‌ಮೇಕರಿನಂಥ ಬ್ಯಾಟರಿ ಪೆಟ್ಟಿಗೆಗೆ ಜೋಡಿಸಿದರಾಯಿತು. ಈಗ ಡೀಪ್ ಬ್ರೈನ್ ಸ್ಟಿಮ್ಯುಲೇಶನ್, ಚಿಕ್ಕದಾಗಿ ಡಿಬಿಎಸ್, ಎಂದು ಎಲ್ಲರೂ ಕರೆಯುವ ಚಿಕಿತ್ಸೆ ಚಲನೆಯ ರೋಗಗಳಿಗೆ ಬಳಕೆಗೆ ಬಂದದ್ದು ಹೀಗೆ.

ಸುಡುವ ಚಿಕಿತ್ಸೆಗೂ ತನ್ನದೇ ಇತಿಹಾಸವಿದೆ, ಅದರಲ್ಲಿ ಆಕಸ್ಮಿಕಗಳೇ ಹೆಚ್ಚು. ಪಾರ್ಕಿನ್ಸನ್ ರೋಗಕ್ಕೆ ಯಾರ ಹೆಸರಿದೆಯೋ ಆ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದ ಪ್ರಬಂಧದಲ್ಲೇ ಒಬ್ಬ ರೋಗಿಯ ಪ್ರಸ್ತಾಪವಿದೆ. ಪಾರ್ಶ್ವವಾಯು ಹೊಡೆದಾಗ ಆತನ ಆ ಬದಿಯ ನಡುಕ ಮಾಯವಾಗಿ, ಕೈಕಾಲಿಗೆ ಶಕ್ತಿ ಮರಳಿದಂತೆ ನಡುಕವೂ ಮರಳಿತು. 1952ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಇರ್ವಿಂಗ್ ಕೂಪರ್ ಶಸ್ತ್ರಚಿಕಿತ್ಸೆಯ ನಡುವೆ ಒಂದು ರಕ್ತನಾಳ ಹರಿದದ್ದರಿಂದ ಅದನ್ನು ಕಟ್ಟಿ, ಉದ್ದೇಶಿಸಿದ್ದ ಕೆಲಸ ಕೈಬಿಟ್ಟು ಹೊರಬಂದರು. ಎಚ್ಚೆತ್ತ ರೋಗಿಗೆ ಲಕ್ವ ಹೊಡೆದಿರಲಿಲ್ಲ, ನಡುಕವೂ ಇರಲಿಲ್ಲ. ಮಿದುಳಿನ ಆಳದ ಯಾವುದೋ ಸಣ್ಣ ತುಣುಕು ಕೆಟ್ಟರೆ ನಡುಕ ಹೋಗುತ್ತದೆ ಎಂಬುದು ಇಂಥ ಘಟನೆಗಳಿಂದ ಗೊತ್ತಾಯಿತು. ಆದರೆ ಸುಟ್ಟದ್ದು ಸುಟ್ಟಿತು. ಎರಡು ಮಿಲಿಮೀಟರ್ ತಪ್ಪಿದರೆ ಸರಿಪಡಿಸಲು ಬರುವುದಿಲ್ಲ. ಮಿದುಳಿನ ಎರಡೂ ಬದಿ ಸುಟ್ಟರಂತೂ ಮಾತು ತೊದಲುವ, ನುಂಗಲು ಕಷ್ಟವಾಗುವ ಅಪಾಯ ಬಹಳ. ವಿದ್ಯುತ್ತನ್ನು ಹೆಚ್ಚಿಸಬಹುದು, ತಗ್ಗಿಸಬಹುದು, ಬೇಡವೆಂದರೆ ಆರಿಸಬಹುದು. ಡಿಬಿಎಸ್ ಗೆದ್ದದ್ದು ಈ ಒಂದು ಗುಣದಿಂದ.

ಪಾರ್ಕಿನ್ಸನ್ ರೋಗಕ್ಕೆ ಇಂದು ಹೆಚ್ಚಾಗಿ ತಂತಿ ಇಳಿಸುವುದು ಥಲಾಮಸ್‌ಗೆ ಅಲ್ಲ, ಅದರ ಕೆಳಗಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟಿಗೆ. ಒಂದು ಸೆಂಟಿಮೀಟರಿಗಿಂತ ಕೊಂಚ ಕಡಿಮೆ ಉದ್ದದ, ಮಸೂರದ ಆಕಾರದ ನರಕೋಶಗಳ ಗುಂಪು ಅದು. ಅಲ್ಲಿಗೆ ದಾರಿ ತೋರಿಸಿದ್ದು ಒಂದು ಕೆಟ್ಟ ಮಾದಕವಸ್ತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕದ್ದುಮುಚ್ಚಿ ತಯಾರಿಸಿದ ಹೆರಾಯಿನ್ ಬದಲಿಯನ್ನು ಚುಚ್ಚಿಕೊಂಡ ಕೆಲವು ಯುವಕರು ಕೆಲವೇ ದಿನಗಳಲ್ಲಿ ಮುದಿ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ರಾಸಾಯನಿಕವೇ ಕಾರಣವೆಂದು ವಿಲಿಯಂ ಲ್ಯಾಂಗ್‌ಸ್ಟನ್ ಪತ್ತೆಹಚ್ಚಿದರು. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳನ್ನೇ ಆರಿಸಿ ಕೊಲ್ಲುವ ವಿಷ ಅದು. ಆ ಯುವಕರ ದುರಂತದಿಂದ ಸಂಶೋಧಕರಿಗೆ ಕೋತಿಗಳಲ್ಲಿ ಪಾರ್ಕಿನ್ಸನ್ ಸ್ಥಿತಿಯನ್ನು ಹುಟ್ಟಿಸಿ ಅಭ್ಯಾಸ ಮಾಡುವ ದಾರಿ ಸಿಕ್ಕಿತು.

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ಮಾಲನ್ ಡಿಲಾಂಗ್ ಮತ್ತು ಅವರ ಸಹೋದ್ಯೋಗಿಗಳು ಇಂಥ ಕೋತಿಗಳ ಸಬ್‌ಥಲಾಮಿಕ್ ಗಂಟು ಅತಿಯಾಗಿ, ಕ್ರಮತಪ್ಪಿ ಕೆಲಸ ಮಾಡುತ್ತಿರುವುದನ್ನು ಕಂಡರು. 1990ರಲ್ಲಿ ಅವರು ಆ ಗಂಟನ್ನು ನಾಶಮಾಡಿ ನೋಡಿದಾಗ, ಬಿಗಿದು ಕೂತಿದ್ದ ಪ್ರಾಣಿಗಳು ಮತ್ತೆ ಓಡಾಡತೊಡಗಿದವು. ಮನುಷ್ಯರಲ್ಲಿ ಇದೇ ಕೆಲಸಕ್ಕೆ ಕೈಹಾಕಲು ವೈದ್ಯರು ಹೆದರಿದರು. ಆ ಜಾಗದಲ್ಲಿ ರಕ್ತಸ್ರಾವವಾದವರ ಎದುರುಬದಿಯ ಕೈಕಾಲು ಹುಚ್ಚಾಪಟ್ಟೆ ಬೀಸಾಡುವುದನ್ನು ನರವೈದ್ಯರೆಲ್ಲ ನೋಡಿದ್ದರು. ಸುಡುವುದು ಭಯವೆಂದರೆ ವಿದ್ಯುತ್ ಕೊಡಬಹುದಲ್ಲ? 1993ರಲ್ಲಿ ಗ್ರೆನೋಬಲ್ ತಂಡ ಹಾಗೆಯೇ ಮಾಡಿತು. ಬೆನಬಿದ್ ಮತ್ತು ಡಿಲಾಂಗ್ ಇಬ್ಬರಿಗೂ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಒಟ್ಟಿಗೇ ಬಂತು. ಒಬ್ಬರು ಶಸ್ತ್ರಚಿಕಿತ್ಸೆಯ ಕೋಣೆಯಿಂದ, ಇನ್ನೊಬ್ಬರು ಪ್ರಯೋಗಾಲಯದಿಂದ ಬಂದು ಒಂದೇ ಗಂಟಿನ ಬಳಿ ನಿಂತಿದ್ದರು.

ಸುಟ್ಟಾಗಲೂ ವಿದ್ಯುತ್ ಕೊಟ್ಟಾಗಲೂ ಒಂದೇ ಫಲ ಸಿಕ್ಕಿದ್ದರಿಂದ, ವೇಗದ ಮಿಡಿತ ಆ ಕೋಶಗಳ ಬಾಯಿ ಮುಚ್ಚಿಸುತ್ತದೆ ಎಂದು ಮೊದಮೊದಲು ಎಲ್ಲರೂ ನಂಬಿದ್ದರು. ಅದು ಅರ್ಧ ನಿಜ. ತಂತಿಯ ಪಕ್ಕದ ಕೋಶಗಳ ಒಡಲು ಮಂಕಾಗುವುದುಂಟು. ಆದರೆ ಆ ಕೋಶಗಳಿಂದ ಹೊರಡುವ ಉದ್ದನೆಯ ನರತಂತುಗಳು ಕೋಶದ ಒಡಲಿಗಿಂತ ಬಹಳ ಬೇಗ ವಿದ್ಯುತ್ತಿಗೆ ಕೆರಳುತ್ತವೆ. 60 ಮೈಕ್ರೊಸೆಕೆಂಡಿನಷ್ಟು ಚಿಕ್ಕ ಮಿಡಿತಕ್ಕೆ ಓಗೊಡುವುದು ಹೆಚ್ಚಾಗಿ ಅವೇ. ಹೀಗಾಗಿ ಕೋಶ ಸುಮ್ಮನಿದ್ದರೂ ಅದರ ತಂತು ಸುಮ್ಮನಿರುವುದಿಲ್ಲ. 2003ರಲ್ಲಿ ಕೋತಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸಬ್‌ಥಲಾಮಿಕ್ ಗಂಟಿಗೆ ವಿದ್ಯುತ್ ಕೊಟ್ಟು, ಅದು ಸಂದೇಶ ಕಳಿಸುವ ಮುಂದಿನ ಕೇಂದ್ರವಾದ ಗ್ಲೋಬಸ್ ಪ್ಯಾಲಿಡಸ್‌ನಲ್ಲಿ ಅಳೆದು ನೋಡಿದರು. ಅಲ್ಲಿ ಚಟುವಟಿಕೆ ಕಡಿಮೆಯಾಗಿರಲಿಲ್ಲ, ಹೆಚ್ಚಿತ್ತು. ಜೊತೆಗೆ, ಅದು ವಿದ್ಯುತ್ತಿನ ಮಿಡಿತಕ್ಕೆ ಹೆಜ್ಜೆ ಹಾಕಿ ಕ್ರಮಬದ್ಧವಾಗಿತ್ತು.

ಇಲ್ಲಿರುವ ಗುಟ್ಟು ಎಷ್ಟು ಚಟುವಟಿಕೆ ಎಂಬುದಕ್ಕಿಂತ ಎಂಥ ಚಟುವಟಿಕೆ ಎಂಬುದರಲ್ಲಿದೆ. ಮಿದುಳಿನ ಮೇಲ್ಪದರ, ಅದರಡಿಯ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳು, ಥಲಾಮಸ್, ಅಲ್ಲಿಂದ ಮತ್ತೆ ಮೇಲ್ಪದರ, ಹೀಗೆ ಸುತ್ತುವ ಜಾಲವೊಂದು ನಮ್ಮ ಚಲನೆಗಳನ್ನು ಆರಿಸಿ ಬಿಡುಗಡೆ ಮಾಡುತ್ತದೆ. ಡೋಪಮೈನ್ ಇಳಿದಾಗ ಈ ಜಾಲದ ಕೋಶಗಳು ಸೆಕೆಂಡಿಗೆ ಸುಮಾರು 13ರಿಂದ 30 ಸಲ ಏರಿಳಿಯುವ ಒಂದೇ ಲಯಕ್ಕೆ ಕಟ್ಟುಬೀಳುತ್ತವೆ. ಇದಕ್ಕೆ ಬೀಟಾ ಲಯವೆಂದು ಹೆಸರು. ಆರೋಗ್ಯವಂತರಲ್ಲೂ ಈ ಲಯ ಇದೆ. ಕೈ ಎತ್ತುವ ಮುನ್ನ ಅದು ಕುಗ್ಗಿ ದಾರಿ ಬಿಡುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಅದು ಬೇಗ ಕುಗ್ಗುವುದಿಲ್ಲ. ತರಗತಿಯ ಮಕ್ಕಳೆಲ್ಲ ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿರುವಾಗ ಒಬ್ಬ ಹುಡುಗ ಕೇಳಿದ ಪ್ರಶ್ನೆ ಮೇಷ್ಟ್ರ ಕಿವಿಗೆ ಬೀಳದಂತೆ, 'ಕಾಲು ಎತ್ತು' ಎಂಬ ಆಜ್ಞೆ ಆ ಸಾಮೂಹಿಕ ಲಯದಲ್ಲಿ ಕಳೆದುಹೋಗುತ್ತದೆ. ಮಾತ್ರೆಯಿಂದ ಡೋಪಮೈನ್ ತುಂಬಿದಾಗ ಬೀಟಾ ಲಯ ಇಳಿಯುತ್ತದೆ. ಡಿಬಿಎಸ್ ಕೊಟ್ಟಾಗಲೂ ಇಳಿಯುತ್ತದೆ.

ವೇಗ ಏಕೆ ಮುಖ್ಯ ಎಂಬುದೂ ಇಲ್ಲೇ ತಿಳಿಯುತ್ತದೆ. ಸೆಕೆಂಡಿಗೆ 130 ಮಿಡಿತವೆಂದರೆ ಎರಡು ಮಿಡಿತಗಳ ನಡುವೆ ಎಂಟು ಮಿಲಿಸೆಕೆಂಡಿಗಿಂತ ಕಡಿಮೆ ಬಿಡುವು. ರೋಗದ ನಿಧಾನಲಯ ಮತ್ತೆ ಗುಂಪುಕಟ್ಟಲು ಅಷ್ಟು ಸಮಯ ಸಾಲದು. 20ರ ಆಸುಪಾಸಿನ ವೇಗ ಕೊಟ್ಟರೆ ರೋಗದ ಲಯಕ್ಕೇ ಒತ್ತಾಸೆಯಾಗಿ ಚಲನೆ ಇನ್ನಷ್ಟು ನಿಧಾನವಾಗಬಹುದು. ಸರಾಸರಿ 130 ಇದ್ದೂ ಮಿಡಿತಗಳ ನಡುವಿನ ಅಂತರ ಏರುಪೇರಾಗಿದ್ದರೆ ನಡುಕ ಅಷ್ಟಾಗಿ ತಗ್ಗುವುದಿಲ್ಲ ಎಂಬುದನ್ನೂ ಪ್ರಯೋಗಗಳು ತೋರಿಸಿವೆ. ಅಂದರೆ ಈ ಯಂತ್ರ ಮಿದುಳಿಗೆ ಸರಿಯಾದ ಸಂದೇಶವನ್ನು ಕಲಿಸುತ್ತಿಲ್ಲ. ಕೆಟ್ಟ ಸಂದೇಶದ ಜಾಗದಲ್ಲಿ ಅರ್ಥವಿಲ್ಲದ, ಆದರೆ ಸಮನಾದ ಮಿಡಿತವೊಂದನ್ನು ತುಂಬುತ್ತಿದೆ. ಅರ್ಥವಿಲ್ಲದ್ದು ತಪ್ಪು ಅರ್ಥದ್ದಕ್ಕಿಂತ ವಾಸಿ ಎಂದು ಉಳಿದ ಜಾಲ ತನ್ನ ಕೆಲಸ ಮುಂದುವರಿಸುತ್ತದೆ. ಎಲ್ಲವೂ ಬಗೆಹರಿದಿದೆ ಎಂದಲ್ಲ. ಗಂಟಿನಿಂದ ಮೇಲ್ಪದರದ ಕಡೆಗೆ ಹಿಮ್ಮುಖವಾಗಿ ಓಡುವ ಮಿಡಿತಗಳ ಪಾಲು ಎಷ್ಟು ಎಂಬ ಬಗ್ಗೆ ಸಂಶೋಧಕರಲ್ಲಿ ಇನ್ನೂ ವಾದವಿದೆ.

ಈ ತಿಳಿವಳಿಕೆಯಿಂದಲೇ ರೋಗಿಗಳ ಆಯ್ಕೆಯ ಮುಖ್ಯ ನಿಯಮ ಹೊರಡುತ್ತದೆ. ಮಾತ್ರೆಯೂ ಮಿಡಿತವೂ ಒಂದೇ ಜಾಲದ ಒಂದೇ ತೊಂದರೆಯನ್ನು ತಗ್ಗಿಸುವುದಾದರೆ, ಮಾತ್ರೆ ತನ್ನ ಅತ್ಯುತ್ತಮ ಹೊತ್ತಿನಲ್ಲಿ ಏನು ಕೊಡುತ್ತದೋ ಮಿಡಿತವೂ ಹೆಚ್ಚುಕಡಿಮೆ ಅದನ್ನೇ ಕೊಡಬೇಕು. ಕೊಡುವುದೂ ಅಷ್ಟನ್ನೇ. ನಡುಕವೊಂದು ಅಪವಾದ. ಮಾತ್ರೆಗೆ ಬಗ್ಗದ ನಡುಕ ಕೂಡ ಡಿಬಿಎಸ್‌ಗೆ ಬಗ್ಗುವುದುಂಟು.

ಹಾಸನದ ಕಡೆಯ 61 ವರ್ಷದ ನಿವೃತ್ತ ಮೇಷ್ಟ್ರೊಬ್ಬರನ್ನು ಕಲ್ಪಿಸಿಕೊಳ್ಳಿ. ಇವರು ಯಾವೊಬ್ಬ ರೋಗಿಯೂ ಅಲ್ಲ, ಇಂಥ ಚಿಕಿತ್ಸಾಲಯಗಳಲ್ಲಿ ದಿನವೂ ಕಾಣುವ ಸಂಗತಿಗಳನ್ನು ಸೇರಿಸಿ ಮಾಡಿದ ಚಿತ್ರ. ಪಾರ್ಕಿನ್ಸನ್ ಶುರುವಾಗಿ ಹತ್ತು ವರ್ಷ. ಮೊದಲ ನಾಲ್ಕೈದು ವರ್ಷ ದಿನಕ್ಕೆ ಮೂರು ಸಲ ಲೆವೊಡೋಪ ಮಾತ್ರೆ ತೆಗೆದುಕೊಂಡು ಆರಾಮವಾಗಿದ್ದರು. (ಈ ಲೆವೊಡೋಪ ನಮ್ಮ ಬೇಲಿಗಳ ನಸುಗುನ್ನಿ ಬೀಜದಲ್ಲೂ ಇದೆ. ಹಾಗೆಂದು ಬೀಜ ಕುಟ್ಟಿ ತಿಂದರೆ ಎಷ್ಟು ಹೊಟ್ಟೆಗೆ ಹೋಯಿತೆಂಬ ಲೆಕ್ಕ ಸಿಗುವುದಿಲ್ಲ.) ಈಗ ದಿನಕ್ಕೆ ಏಳು ಸಲ ಮಾತ್ರೆ. ನುಂಗಿದ ಮುಕ್ಕಾಲು ಗಂಟೆಗೆ 'ಆನ್' ಆಗುತ್ತಾರೆ, ಎರಡು ಗಂಟೆ ಕಳೆಯುವಷ್ಟರಲ್ಲಿ 'ಆಫ್'. ಆಫ್ ಆದರೆ ಕುರ್ಚಿಯಿಂದ ಏಳಲಾಗದು. ಆನ್ ಆಗಿದ್ದಾಗ ತಲೆ, ಭುಜ, ಕಾಲು ತಾವೇ ತೊನೆದಾಡುತ್ತವೆ. ಡಿಸ್ಕೈನೇಸಿಯಾ ಎಂಬ ಈ ತೊನೆದಾಟ ಮಾತ್ರೆಯ ಅತಿಯಿಂದ ಬರುವಂಥದ್ದು. ಪ್ರಮಾಣ ಇಳಿಸಿದರೆ ಬಿಗಿತ, ಏರಿಸಿದರೆ ತೊನೆದಾಟ. ನಡುವೆ ಸಿಗುವ ಒಳ್ಳೆಯ ಹೊತ್ತು ದಿನದಿನಕ್ಕೂ ಕಿರಿದಾಗುತ್ತಿದೆ.

ಇಂಥವರಿಗೆ ಮೊದಲು ನಡೆಸುವುದು ಲೆವೊಡೋಪ ಪರೀಕ್ಷೆ. ಹಿಂದಿನ ರಾತ್ರಿಯಿಂದ ಸುಮಾರು ಹನ್ನೆರಡು ಗಂಟೆ ಮಾತ್ರೆ ಇಲ್ಲ. ಬೆಳಿಗ್ಗೆ ಆ ಕಷ್ಟದ ಸ್ಥಿತಿಯಲ್ಲೇ ವೈದ್ಯರು ಬೆರಳು ಬಡಿಸಿ, ಕಾಲು ಕುಟ್ಟಿಸಿ, ಮಣಿಕಟ್ಟು ತಿರುಗಿಸಿ, ನಡೆಸಿ, ಹಿಂದಿನಿಂದ ಭುಜ ಎಳೆದು ನೋಡಿ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುತ್ತಾರೆ. ಒಟ್ಟು 132. ಅಂಕ ಹೆಚ್ಚಿದಷ್ಟೂ ರೋಗ ಹೆಚ್ಚು. ನಮ್ಮ ಮೇಷ್ಟ್ರಿಗೆ 52 ಬಂತು ಎನ್ನೋಣ. ಆಮೇಲೆ ಬೆಳಗಿನ ಎಂದಿನ ಪ್ರಮಾಣಕ್ಕಿಂತ ಒಂದೂವರೆಪಟ್ಟು ಮಾತ್ರೆ ಕೊಟ್ಟು, ಅದು ಪೂರ್ತಿ ಹತ್ತಿದಾಗ ಮತ್ತೆ ಅದೇ ಪರೀಕ್ಷೆ. ಈಗ 21. ಇಳಿದದ್ದು 31 ಅಂಕ, ಅಂದರೆ ಶೇಕಡಾ 60ರಷ್ಟು. ಸಾಮಾನ್ಯವಾಗಿ ಕನಿಷ್ಠ 30ರಷ್ಟಾದರೂ ಇಳಿದರೆ ಮುಂದಿನ ಮಾತು. ಇವರು ಧಾರಾಳವಾಗಿ ದಾಟಿದ್ದಾರೆ.

ಆದರೆ ಒಳ್ಳೆಯ ವೈದ್ಯರ ಕಣ್ಣು ಇಳಿದ 31ಕ್ಕಿಂತ ಉಳಿದ 21ರ ಮೇಲಿರುತ್ತದೆ. ಮಾತ್ರೆ ಪೂರ್ತಿ ಹತ್ತಿದ ಹೊತ್ತಿನಲ್ಲೂ ಮೇಷ್ಟ್ರ ಧ್ವನಿ ಮೆತ್ತಗಿದೆ, ತಿರುಗುವಾಗ ಕೊಂಚ ವಾಲುತ್ತಾರೆ. ಇವು ಮಿಡಿತದಿಂದಲೂ ಹೋಗುವುದಿಲ್ಲ.

"ಆಪರೇಶನ್ ಆದ್ಮೇಲೆ ಮೊದಲಿನ ಹಾಗೆ ಪಾಠ ಹೇಳಬಹುದಾ ಡಾಕ್ಟ್ರೇ?" ಎಂದು ಮೇಷ್ಟ್ರು ಕೇಳಿದರೆ, ಪ್ರಾಮಾಣಿಕ ಉತ್ತರ ಹೀಗಿರಬೇಕು: "ಮೇಷ್ಟ್ರೇ, ಬೋರ್ಡಿನ ಮೇಲೆ ಬರೀಬಹುದು. ಗಂಟಲಿನ ವಿಷಯಕ್ಕೆ ನಾನು ಮಾತು ಕೊಡೋಲ್ಲ."

ಈ ಪರೀಕ್ಷೆಯೇ ಇನ್ನೊಂದು ದೊಡ್ಡ ತಪ್ಪನ್ನೂ ತಡೆಯುತ್ತದೆ. ಪಾರ್ಕಿನ್ಸನ್‌ನಂತೆಯೇ ಕಾಣುವ ಬೇರೆ ರೋಗಗಳಿವೆ. ಪ್ರೋಗ್ರೆಸಿವ್ ಸೂಪ್ರಾನ್ಯೂಕ್ಲಿಯರ್ ಪಾಲ್ಸಿಯಲ್ಲಿ ರೋಗಿ ಮೊದಮೊದಲೇ ಬೀಳತೊಡಗುತ್ತಾರೆ, ಕಣ್ಣು ಕೆಳಕ್ಕೆ ಹೊರಳುವುದಿಲ್ಲ. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಲ್ಲಿ ಎದ್ದುನಿಂತರೆ ರಕ್ತದೊತ್ತಡ ಕುಸಿಯುತ್ತದೆ, ಮೂತ್ರದ ತೊಂದರೆ ಬೇಗ ಬರುತ್ತದೆ. ಇವುಗಳಲ್ಲಿ ಡೋಪಮೈನ್ ಕೋಶಗಳ ಜೊತೆಗೆ ಡೋಪಮೈನ್ ಹೋಗಿ ಮುಟ್ಟಬೇಕಾದ ಮುಂದಿನ ಕೇಂದ್ರಗಳೂ ಕೆಟ್ಟಿರುತ್ತವೆ. ಮಾತ್ರೆಗೆ ಸರಿಯಾಗಿ ಬಗ್ಗುವುದಿಲ್ಲ, ಡಿಬಿಎಸ್‌ಗೂ ಬಗ್ಗುವುದಿಲ್ಲ. ರೋಗ ಶುರುವಾದ ಒಂದೆರಡು ವರ್ಷದಲ್ಲೇ ತಂತಿ ಹಾಕಿಸಲು ಅವಸರ ಮಾಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಮರೆಗುಳಿತನ ಗಟ್ಟಿಯಾಗಿ ಕಾಣಿಸಿಕೊಂಡವರಿಗೂ ಇದು ಬೇಡ, ಶಸ್ತ್ರಚಿಕಿತ್ಸೆಯ ನಂತರ ಅದು ಇನ್ನಷ್ಟು ಕೆಡಬಹುದು.

ಶಸ್ತ್ರಚಿಕಿತ್ಸೆಯ ದಿನ ತಲೆಗೆ ಲೋಹದ ಚೌಕಟ್ಟು ಬಿಗಿದು ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಮೊದಲೇ ತೆಗೆದ ಎಂಆರ್‌ಐ ಚಿತ್ರವನ್ನು ಅದರ ಮೇಲೆ ಕೂಡಿಸಿ, ಗಂಟು ಎಲ್ಲಿದೆ, ರಕ್ತನಾಳಗಳನ್ನು ತಪ್ಪಿಸಿ ಯಾವ ಕೋನದಲ್ಲಿ ಇಳಿಯಬೇಕು ಎಂದು ಲೆಕ್ಕ ಹಾಕುತ್ತಾರೆ. ಅನೇಕ ಕಡೆ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಚರ್ಮಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಸಾಕು, ಮಿದುಳಿಗೆ ನೋವಿನ ಅರಿವಿಲ್ಲ. ಕೂದಲೆಳೆಯಂಥ ಮೈಕ್ರೊಎಲೆಕ್ಟ್ರೋಡ್ ಇಳಿಯುತ್ತಿದ್ದಂತೆ ನರಕೋಶಗಳ ಸದ್ದು ಸ್ಪೀಕರಿನಲ್ಲಿ ಕೇಳಿಸುತ್ತದೆ. ಸುತ್ತಲಿನ ಬಿಳಿಯ ತಂತುಗಳ ಭಾಗ ಹೆಚ್ಚುಕಡಿಮೆ ನಿಶ್ಶಬ್ದ. ಗಂಟಿನೊಳಗೆ ಕಾಲಿಟ್ಟೊಡನೆ ಒರಟಾದ, ದಟ್ಟವಾದ ಗದ್ದಲ. ಐದಾರು ಮಿಲಿಮೀಟರ್ ದಾಟಿದರೆ ಮತ್ತೆ ಮೌನ. ಆ ಗದ್ದಲದ ಉದ್ದವೇ ಗಂಟಿನ ಆಳ. ಆಮೇಲೆ ಕಾಯಂ ತಂತಿ ಕೂರಿಸುತ್ತಾರೆ. ದಪ್ಪ 1.27 ಮಿಲಿಮೀಟರ್, ತುದಿಯಲ್ಲಿ ಒಂದೂವರೆ ಮಿಲಿಮೀಟರ್ ಉದ್ದದ ನಾಲ್ಕು ಲೋಹದ ಬಳೆಗಳು. ಕೊನೆಗೆ ಪೂರ್ತಿ ಅರಿವಳಿಕೆ ಕೊಟ್ಟು, ಕಿವಿಯ ಹಿಂದಿನಿಂದ ಕತ್ತಿನ ಚರ್ಮದಡಿ ತಂತಿ ಹಾಯಿಸಿ ಕೊರಳೆಲುಬಿನ ಕೆಳಗಿನ ಬ್ಯಾಟರಿಗೆ ಜೋಡಿಸುತ್ತಾರೆ.

ಮರುದಿನ ಯಂತ್ರ ಚಾಲೂ ಮಾಡುವ ಮೊದಲೇ ಮೇಷ್ಟ್ರು ಹಗುರಾಗಿರುತ್ತಾರೆ. ಮನೆಯವರಿಗೆ ಸಂಭ್ರಮ. ತಂತಿ ಇಳಿದಾಗ ಆದ ಸಣ್ಣ ಗಾಯ, ಬಾವುಗಳ ಫಲ ಅದು. ಕೆಲವು ವಾರಗಳಲ್ಲಿ ಮಾಯವಾಗುತ್ತದೆ. ಆಗ ಎದೆಗುಂದುವ ಮನೆಯವರಿಗೆ ಇದನ್ನು ಮೊದಲೇ ಹೇಳಿಡಬೇಕು. ಮೂರು-ನಾಲ್ಕು ವಾರ ಕಾದು ಪ್ರೋಗ್ರಾಮಿಂಗ್ ಶುರುಮಾಡುವುದೂ ಇದಕ್ಕಾಗಿಯೇ.

ಪ್ರೋಗ್ರಾಮಿಂಗ್ ಎಂದರೆ ಯಾವ ಬಳೆಯಿಂದ, ಎಷ್ಟು ವಿದ್ಯುತ್ ಹರಿಸಬೇಕೆಂದು ಹುಡುಕುವುದು. ಬೆಳಗಿನ ಮಾತ್ರೆ ತಪ್ಪಿಸಿ ಬಂದ ಮೇಷ್ಟ್ರ ಮಣಿಕಟ್ಟನ್ನು ವೈದ್ಯರು ಹಿಡಿದು ಅಲುಗಿಸುತ್ತಾ, ಒಂದೊಂದೇ ಬಳೆಯಲ್ಲಿ ವಿದ್ಯುತ್ತನ್ನು ಚೂರುಚೂರೇ ಏರಿಸುತ್ತಾರೆ. ಕೆಳಗಿನಿಂದ ಎರಡನೆಯ ಬಳೆಯಲ್ಲಿ 1.2 ಮಿಲಿಆಂಪಿಯರಿಗೇ ಬಿಗಿತ ಸಡಿಲವಾಯಿತು, 3.6 ಆಗುವವರೆಗೆ ತೊಂದರೆ ಬರಲಿಲ್ಲ, ಆಮೇಲೆ ತುಟಿ ಒಂದು ಕಡೆಗೆ ಎಳೆಯಿತು. ಮೂರನೆಯದರಲ್ಲಿ 1.6ಕ್ಕೆ ಗುಣ, 2.8ಕ್ಕೇ ತುಟಿ ಎಳೆತ. ತೀರಾ ಕೆಳಗಿನದರಲ್ಲಿ ಕಣ್ಣು ಒಳಕ್ಕೆ ಎಳೆದಂತಾಗಿ ಎರಡೆರಡು ಕಂಡಿತು. ಮೇಲಿನದರಲ್ಲಿ ಬಹಳ ಕೊಟ್ಟರೂ ಗುಣ ಕಡಿಮೆ. ಗುಣ ಮತ್ತು ತೊಂದರೆಗಳ ನಡುವಿನ ಅಂತರ ಎಲ್ಲಿ ದೊಡ್ಡದೋ ಆ ಬಳೆಯನ್ನೇ ಆರಿಸಬೇಕು, ಇಲ್ಲಿ ಎರಡನೆಯದು. 1.5 ಮಿಲಿಆಂಪಿಯರ್, 60 ಮೈಕ್ರೊಸೆಕೆಂಡ್, ಸೆಕೆಂಡಿಗೆ 130. ಲೆಕ್ಕ ಹಾಕಿದರೆ ದಿನಕ್ಕೆ ಒಂದು ಕೋಟಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಮಿಡಿತ. ಆದರೂ ವಿದ್ಯುತ್ ನಿಜವಾಗಿ ಹರಿಯುವುದು ಪ್ರತಿ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು.

ತೊಂದರೆಗಳೂ ಇಲ್ಲಿ ಒಂದು ಬಗೆಯ ನಕ್ಷೆ. ಗಂಟಿನ ಹೊರಬದಿಗೆ ಸ್ನಾಯುಗಳಿಗೆ ಆಜ್ಞೆ ಒಯ್ಯುವ ತಂತುಗಳ ಹೆದ್ದಾರಿ ಇದೆ. ವಿದ್ಯುತ್ ಅತ್ತ ಚೆಲ್ಲಿದರೆ ತುಟಿ, ಕೈ ಎಳೆಯುತ್ತವೆ, ಮಾತು ಅಂಟುತ್ತದೆ. ಹಿಂಬದಿಗೆ ಸ್ಪರ್ಶದ ತಂತುಗಳು, ಅಲ್ಲಿಗೆ ತಲುಪಿದರೆ ಜುಮುಜುಮು ಬಿಡುವುದೇ ಇಲ್ಲ. ಒಳಬದಿಗೆ ಕಣ್ಣಿನ ನರ. ಗಂಟಿನ ಕೆಳ-ಒಳಭಾಗ ಮನಸ್ಸಿನ ಭಾವಗಳಿಗೆ ಸಂಬಂಧಿಸಿದ್ದು. ಅಲ್ಲಿ ಹೆಚ್ಚಾದರೆ ರೋಗಿ ಕಾರಣವಿಲ್ಲದೆ ಉಬ್ಬಿಹೋಗಿ, ಎರಡು ರಾತ್ರಿ ನಿದ್ದೆಯಿಲ್ಲದೆ ಹೊಸ ವ್ಯಾಪಾರದ ಯೋಜನೆ ಹಾಕುತ್ತಾ ಕೂರಬಹುದು. ಕೈ ಚೆನ್ನಾಗಿ ಆಡುತ್ತಿದೆಯೆಂದು ಮನೆಯವರು ಇದನ್ನು ಖುಷಿಯೆಂದು ತಿಳಿದರೆ ಕಷ್ಟ.

ಆರು ತಿಂಗಳ ಮೇಲೆ ಮೇಷ್ಟ್ರ ಹೆಂಡತಿ ಒಂದು ದೂರು ತರುತ್ತಾರೆ. ನಡಿಗೆ ಚೆನ್ನಾಗಿದೆ, ಮಾತ್ರೆ ಏಳರಿಂದ ನಾಲ್ಕಕ್ಕೆ ಇಳಿದಿದೆ, ತೊನೆದಾಟ ಇಲ್ಲವೇ ಇಲ್ಲ, ಆದರೆ ಫೋನಿನಲ್ಲಿ ಇವರ ಮಾತು ಮಗಳಿಗೆ ಅರ್ಥವಾಗುತ್ತಿಲ್ಲ. ಇದು ರೋಗ ಬೆಳೆದದ್ದೋ, ವಿದ್ಯುತ್ ಚೆಲ್ಲಿದ್ದೋ? ಯಂತ್ರವನ್ನು ವೈದ್ಯರ ಎದುರೇ ಅರ್ಧ ಗಂಟೆ ಆರಿಸಿ ನೋಡಬೇಕು. ಮಾತು ತಿಳಿಯಾದರೆ ವಿದ್ಯುತ್ತಿನ ತಪ್ಪು. ಪ್ರಮಾಣ ಇಳಿಸಬಹುದು, ಮಿಡಿತದ ಅಗಲ ತಗ್ಗಿಸಬಹುದು, ಹೊಸ ತಂತಿಗಳಲ್ಲಾದರೆ ಬಳೆ ಮೂರು ತುಂಡಾಗಿರುವುದರಿಂದ ವಿದ್ಯುತ್ತನ್ನು ಒಂದೇ ಬದಿಗೆ ತಿರುಗಿಸಬಹುದು. ಮಾತು ಹಾಗೇ ಉಳಿದರೆ ರೋಗದ್ದೇ ನಡೆ. ಏಕೆಂದರೆ ಡೋಪಮೈನ್ ಕೋಶಗಳು ಸಾಯುವುದನ್ನು ಡಿಬಿಎಸ್ ತಡೆಯುತ್ತದೆ ಎನ್ನಲು ಆಧಾರವಿಲ್ಲ. ಹತ್ತು ವರ್ಷದ ನಂತರವೂ ನಡುಕ, ಬಿಗಿತಗಳು ಹತೋಟಿಯಲ್ಲಿರುತ್ತವೆ, ಸಮತೋಲ, ಮಾತು, ನೆನಪು ತಮ್ಮ ಪಾಡಿಗೆ ಇಳಿಯುತ್ತಾ ಹೋಗುತ್ತವೆ.

ಲಾಭ-ನಷ್ಟಗಳೆರಡನ್ನೂ ಚೆನ್ನಾಗಿ ತೋರಿಸಿದ ಅಧ್ಯಯನ ಅಮೆರಿಕದ್ದು, 2009ರಲ್ಲಿ ಪ್ರಕಟವಾದದ್ದು. 255 ರೋಗಿಗಳಲ್ಲಿ ಡಿಬಿಎಸ್ ಆದವರಿಗೆ ಆರು ತಿಂಗಳಲ್ಲಿ ತೊನೆದಾಟವಿಲ್ಲದ ಒಳ್ಳೆಯ ಹೊತ್ತು ದಿನಕ್ಕೆ ಸರಾಸರಿ 4.6 ಗಂಟೆ ಹೆಚ್ಚಿತು, ಮಾತ್ರೆಯಲ್ಲೇ ಮುಂದುವರಿದವರಿಗೆ ಏನೂ ಹೆಚ್ಚಲಿಲ್ಲ. ಆದರೆ ಗಂಭೀರ ತೊಂದರೆಗಳು ಕೂಡ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 40 ಮಂದಿಗೆ ಬಂದವು, ಇನ್ನೊಂದು ಗುಂಪಿನಲ್ಲಿ 11. ಬಹುಪಾಲು ವಾಸಿಯಾದವು, ಆದರೂ ಒಬ್ಬರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಸೋಂಕು ತಗುಲಿದರೆ ಕೆಲವೊಮ್ಮೆ ಹಾಕಿದ್ದೆಲ್ಲವನ್ನೂ ತೆಗೆಯಬೇಕಾಗುತ್ತದೆ. ಹಲವು ಲಕ್ಷ ರೂಪಾಯಿ ಹೊಂದಿಸುವ ಕುಟುಂಬ ಈ ಎರಡು ಅಂಕಿಗಳನ್ನೂ ಕೇಳಿಸಿಕೊಂಡೇ ಒಪ್ಪಬೇಕು. ಮೊದಲನೆಯದನ್ನಷ್ಟೇ ಹೇಳುವ ಜಾಹೀರಾತುಗಳಿಗೆ ಕೊರತೆಯಿಲ್ಲ.

ಬೇರೆ ರೋಗಗಳಲ್ಲಿ ಜಾಲ ಬೇರೆ, ಹಾಗಾಗಿ ಗುರಿಯೂ ಬೇರೆ. ಕೂತಾಗ ಸುಮ್ಮನಿದ್ದು, ಕಾಫಿ ಲೋಟ ಬಾಯಿಗೆ ಒಯ್ಯುವಾಗ ಕೈ ನಡುಗುವ ಎಸೆನ್ಶಿಯಲ್ ಟ್ರೆಮರ್‌ಗೆ ಈಗಲೂ ಬೆನಬಿದ್ ತಲುಪಿದ ಥಲಾಮಸ್ಸೇ ಮುಖ್ಯ ತಾಣ. ಇಲ್ಲಿ ಫಲ ಸೆಕೆಂಡುಗಳಲ್ಲಿ ಕಾಣುತ್ತದೆ. ಎರಡೂ ಬದಿ ಹಾಕಿಸಿದರೆ ಮಾತು ತೊದಲುವ, ನಡಿಗೆ ತೂರಾಡುವ ಸಂಭವ ಹೆಚ್ಚು, ಹೀಗಾಗಿ ಬರೆಯುವ ಕೈಗೊಂದೇ ಸಾಕೆಂದು ಹಲವರು ನಿಲ್ಲುತ್ತಾರೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಫಲ ಸವೆಯುವುದೂ ಇದೆ.

ಡಿಸ್ಟೋನಿಯಾದ ಕಥೆ ಪೂರ್ತಿ ಬೇರೆ. ಸ್ನಾಯುಗಳು ತಾವೇ ಹುರಿಗೊಂಡು ಕತ್ತು, ಬೆನ್ನು, ಕಾಲುಗಳನ್ನು ತಿರುಚುವ ಈ ರೋಗದಲ್ಲಿ ತಂತಿ ಹೋಗುವುದು ಗ್ಲೋಬಸ್ ಪ್ಯಾಲಿಡಸ್‌ನ ಒಳಭಾಗಕ್ಕೆ. ಹಾಕಿದ ದಿನ ಏನೂ ಆಗುವುದಿಲ್ಲ, ಒಂದು ವಾರಕ್ಕೂ ಆಗದಿರಬಹುದು. ತಿರುಚು ವಾರಗಟ್ಟಲೆ, ತಿಂಗಳುಗಟ್ಟಲೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಕೆಟ್ಟ ಲಯವನ್ನು ಅಳಿಸುವುದಷ್ಟೇ ಇಲ್ಲಿ ಸಾಲದು, ತಪ್ಪಾಗಿ ಕಲಿತದ್ದನ್ನು ಜಾಲ ಮರೆಯಬೇಕು ಎಂಬುದು ಇದಕ್ಕೆ ಸಿಗುವ ಒಂದು ವಿವರಣೆ. ಡಿವೈಟಿ1 ಎಂಬ ವಂಶವಾಹಿಯ ದೋಷದಿಂದ ಬಾಲ್ಯದಲ್ಲೇ ಶುರುವಾಗುವ ಬಗೆಗೆ ಫಲ ಬಹಳ ಚೆನ್ನಾಗಿದೆ, ಮೈ ಮೂಳೆಗಳು ಕಾಯಂ ಸೊಟ್ಟಗಾಗುವ ಮೊದಲೇ ಮಾಡಿದರೆ ಇನ್ನೂ ಚೆನ್ನ. ಮಾನಸಿಕ ಕಾಯಿಲೆಯ ಔಷಧಗಳಿಂದ ಬಂದ ಡಿಸ್ಟೋನಿಯಾಕ್ಕೂ ಒಳ್ಳೆಯ ಫಲವಿದೆ. ಹೆರಿಗೆಯ ವೇಳೆ ಮಿದುಳಿಗೆ ಪೆಟ್ಟಾದ ಮಕ್ಕಳ ಡಿಸ್ಟೋನಿಯಾಕ್ಕೆ ಫಲ ಕಡಿಮೆ, ಒಂದೇ ತೆರನೂ ಅಲ್ಲ. ತೀವ್ರವಾದ ಟುರೆಟ್ ಸಿಂಡ್ರೋಮ್‌ಗೂ 1999ರಿಂದ ಇದನ್ನು ಬಳಸಿ ನೋಡಿದ್ದಾರೆ, ಆದರೆ ಯಾವ ತಾಣ ಒಳ್ಳೆಯದೆಂಬ ಒಮ್ಮತವಿಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಕೆಲವು ಕಡೆ ಡಿಬಿಎಸ್ ನಡೆಯುತ್ತದೆ. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಗಿಟಾರ್ ನುಡಿಸುತ್ತಲೇ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸಂಗೀತಗಾರರ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಬೆರಳುಗಳ ಡಿಸ್ಟೋನಿಯಾ ಅವರದು. ಅದನ್ನು ಡಿಬಿಎಸ್ ಎಂದುಕೊಂಡವರೇ ಹೆಚ್ಚು. ಅಲ್ಲಿ ಮಾಡಿದ್ದು ಹಳೆಯ ಪದ್ಧತಿ, ಥಲಾಮಸ್‌ನ ಚುಕ್ಕೆಯಷ್ಟು ಜಾಗವನ್ನು ಸುಡುವುದು. ಒಂದೇ ಬದಿಯ, ಒಂದೇ ಕೈಯ ತೊಂದರೆಗೆ, ಬ್ಯಾಟರಿಯ ಗೊಡವೆ ಬೇಡವೆನ್ನುವವರಿಗೆ ಅದು ಈಗಲೂ ಒಳ್ಳೆಯ ಆಯ್ಕೆಯೇ.

ಬ್ಯಾಟರಿಯ ಗೊಡವೆ ಸಣ್ಣದಲ್ಲ. ಚಾರ್ಜ್ ಮಾಡಲಾಗದ ಬಗೆಯದು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ, ಡಿಸ್ಟೋನಿಯಾದವರಿಗೆ ಹೆಚ್ಚು ವಿದ್ಯುತ್ ಬೇಕಾಗುವುದರಿಂದ ಇನ್ನೂ ಬೇಗ ಮುಗಿಯಬಹುದು. ವರ್ಷಗಟ್ಟಲೆ ಮಿಡಿತಕ್ಕೆ ಒಗ್ಗಿದ ಮೈಗೆ ಅದು ಏಕಾಏಕಿ ನಿಂತರೆ ಬಿಗಿತ ಅಥವಾ ತಿರುಚು ಪ್ರಾಣಕ್ಕೇ ಎರವಾಗುವಷ್ಟು ಕೆರಳುವುದುಂಟು. ಬ್ಯಾಟರಿ ಇಳಿಯುತ್ತಿದೆಯೆಂದು ಕೈಯಲ್ಲಿರುವ ರಿಮೋಟ್ ತೋರಿಸಿದರೆ ಮುಂದಿನ ಭೇಟಿಯವರೆಗೆ ಕಾಯಬಾರದು.

ಇನ್ನೊಂದು ಎಚ್ಚರಿಕೆ ಊರಿನ ಫಿಸಿಯೋಥೆರಪಿ ಕೇಂದ್ರಗಳಿಗೆ. ಮಂಡಿನೋವಿಗೆ, ಬೆನ್ನುನೋವಿಗೆ ಕೊಡುವ ಶಾರ್ಟ್‌ವೇವ್ ಡಯಾಥರ್ಮಿ ಎಂಬ ಶಾಖ ಚಿಕಿತ್ಸೆ ಡಿಬಿಎಸ್ ಇದ್ದವರಿಗೆ ಕೂಡದು, ದೇಹದ ಯಾವ ಭಾಗಕ್ಕೂ ಕೂಡದು. ಅದರ ಅಲೆಗಳನ್ನು ತಂತಿ ಹಿಡಿದು ಮಿದುಳಿನಲ್ಲಿರುವ ತನ್ನ ತುದಿಯಲ್ಲಿ ಶಾಖವಾಗಿ ಬಿಡುತ್ತದೆ. ಹೀಗೆ ಮಿದುಳು ಸುಟ್ಟು ತೀರಾ ಕೆಟ್ಟ ಸ್ಥಿತಿಗೆ ಹೋದ ರೋಗಿಯ ವರದಿ 2001ರಲ್ಲೇ ಬಂದಿದೆ. ಎಂಆರ್‌ಐ ಕೂಡ ಯಂತ್ರದ ಮಾದರಿ ನೋಡಿ, ಅದರ ಷರತ್ತಿನ ಪ್ರಕಾರವೇ ಆಗಬೇಕು.

ಕೆರೆ, ಬಾವಿಯಲ್ಲಿ ಈಜಿ ಬೆಳೆದವರು ಗಮನಿಸಬೇಕಾದ ವಿಚಿತ್ರವೊಂದಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವೈದ್ಯರು 2019ರಲ್ಲಿ ಒಂಬತ್ತು ರೋಗಿಗಳ ಬಗ್ಗೆ ಬರೆದರು. ಎಲ್ಲರೂ ಚೆನ್ನಾಗಿ ಈಜುತ್ತಿದ್ದವರು. ಡಿಬಿಎಸ್ ಆದಮೇಲೆ ಕೈಕಾಲು ಚುರುಕಾಗಿ ಆಡುತ್ತಿದ್ದರೂ ನೀರಿಗಿಳಿದರೆ ಈಜು ಬರುತ್ತಿರಲಿಲ್ಲ. ಸರೋವರಕ್ಕೆ ಹಾರಿ ಮುಳುಗುವುದರಲ್ಲಿದ್ದ ಒಬ್ಬರನ್ನು ಮನೆಯವರು ಎಳೆದು ಬದುಕಿಸಿದರು. ಆ ಒಂಬತ್ತು ಮಂದಿಯಲ್ಲಿ ಮೂವರು ಯಂತ್ರ ಆರಿಸಿ ನೋಡಿದಾಗ ಈಜು ತಕ್ಷಣ ಮರಳಿತು. ಸಮನಾದ ಮಿಡಿತ ಕೆಟ್ಟ ಲಯವನ್ನು ಮಾತ್ರ ಅಳಿಸುತ್ತದೆಂದು ಯಾರೂ ಖಾತರಿ ಕೊಡಲಾರರು. ಕೈ-ಕಾಲು-ಉಸಿರುಗಳನ್ನು ಒಟ್ಟಿಗೆ ನಡೆಸುವ ಯಾವುದೋ ಒಳ್ಳೆಯ ಲಯವೂ ಅದರ ಕೈಗೆ ಸಿಕ್ಕಿರಬಹುದು.

ಹಗಲೂ ರಾತ್ರಿ ಒಂದೇ ಸಮ ಮಿಡಿಯುವ ಬದಲು ಬೇಕಾದಾಗ ಮಾತ್ರ ಮಿಡಿದರೆ ಹೇಗೆ ಎಂಬ ಯೋಚನೆ ಇಲ್ಲಿಂದ ಸಹಜವಾಗಿ ಬರುತ್ತದೆ. ಹೊಸ ಯಂತ್ರಗಳು ವಿದ್ಯುತ್ ಕೊಡುವ ತಂತಿಯಿಂದಲೇ ಬೀಟಾ ಲಯವನ್ನು ಅಳೆದು, ಅದು ಏರಿದಾಗ ಪ್ರಮಾಣ ಏರಿಸಿ, ಇಳಿದಾಗ ಇಳಿಸುತ್ತವೆ. ಪಾರ್ಕಿನ್ಸನ್‌ಗಾಗಿ ಇಂಥ ವ್ಯವಸ್ಥೆಗೆ ಅಮೆರಿಕದ ನಿಯಂತ್ರಣ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ತಾನೇ ನೋಡಿಕೊಳ್ಳುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಎಲ್ಲ ರೋಗಿಗಳಲ್ಲೂ ಬೀಟಾ ಸ್ಪಷ್ಟವಾಗಿ ಕಾಣುವುದಿಲ್ಲ, ನಡುಕವೇ ಪ್ರಧಾನವಾದವರಲ್ಲಿ ಅದು ಒಳ್ಳೆಯ ಸೂಚಕವೂ ಅಲ್ಲ. ಹೃದಯದ ಬಡಿತ, ತಲೆಯ ಅಲುಗಾಟಗಳು ದಾಖಲೆಯಲ್ಲಿ ನುಸುಳುತ್ತವೆ. ನಿದ್ದೆಯಲ್ಲಿ ಬೀಟಾ ತಾನಾಗಿಯೇ ಇಳಿಯುವುದರಿಂದ, ಮಿತಿಯನ್ನು ಹಗಲಿನ ಲೆಕ್ಕದಲ್ಲಿ ಇಟ್ಟರೆ ನಡುರಾತ್ರಿ ಯಂತ್ರ ಮಂಕಾಗಿ ರೋಗಿಗೆ ಮಗ್ಗುಲು ಬದಲಿಸಲಾಗದೆ ಹೋಗಬಹುದು. ಆ ಮಿತಿಗಳನ್ನು ಒಬ್ಬೊಬ್ಬ ರೋಗಿಗೂ ಬೇರೆಬೇರೆಯಾಗಿ ಗೊತ್ತುಮಾಡಲು, ಮಣಿಕಟ್ಟು ಹಿಡಿದು ಬಿಗಿತ ಅಳೆಯಬಲ್ಲ, ಅದಕ್ಕೆ ಒಂದು ಇಡೀ ಬೆಳಗು ಕೊಡಬಲ್ಲ ವೈದ್ಯರೇ ಬೇಕು.